ಇನ್ನೂರು ಸ್ಕ್ರೀನ್‌ಶಾಟ್‌ಗಳಲ್ಲಿ ಒಂದು ಜಗಳದ ಜಾಡು ಹಿಡಿಯುವುದು ಹೇಗೆ?

ಮುಂಬೈ ಪಕ್ಕದ ಠಾಣೆ ನಗರದಲ್ಲಿ ಕೌನ್ಸೆಲಿಂಗ್ ಮಾಡುವ ನನ್ನ ಹತ್ತಿರ ಡೊಂಬಿವಲಿ, ಮುಲುಂಡ್, ವಾಶಿ ಕಡೆಯ ಕನ್ನಡದವರು ಬರುತ್ತಾರೆ. ಮನೆಯ ಜಗಳವನ್ನು ಮನೆಯ ಭಾಷೆಯಲ್ಲೇ ಹೇಳಿಕೊಳ್ಳಬಹುದು ಎಂಬುದೊಂದೇ ಕಾರಣ. ಮೊದಲೆಲ್ಲ ಬಂದು ಕೂತು ಅಳುತ್ತಿದ್ದರು. ಈಗ ಕೂತ ಕೂಡಲೇ ಫೋನ್ ಮುಂದೆ ಚಾಚುತ್ತಾರೆ: "ಮೇಡಂ, ಇದನ್ನು ನೋಡಿ. ಇದು ಗ್ಯಾಸ್‌ಲೈಟಿಂಗ್ ಹೌದಾ ಅಲ್ವಾ?"

ಒಂದು ಸ್ಕ್ರೀನ್‌ಶಾಟ್ ನೋಡಿ ಆ ಪ್ರಶ್ನೆಗೆ ಉತ್ತರ ಕೊಡಲು ಆಗುವುದಿಲ್ಲ. ಆ ಪದ ಹುಟ್ಟಿದ್ದು 1938ರ ಒಂದು ಇಂಗ್ಲಿಷ್ ನಾಟಕದಿಂದ. ಮನೆಯ ಗ್ಯಾಸ್ ದೀಪ ಮಂಕಾಗುವುದನ್ನು ಹೆಂಡತಿ ಕಣ್ಣಾರೆ ಕಾಣುತ್ತಾಳೆ. ಗಂಡ ಅವಳಿಗೇ ಹುಚ್ಚು ಎಂದು ನಂಬಿಸಲು ನೋಡುತ್ತಾನೆ. ಒಬ್ಬರು ತಮ್ಮ ಕಣ್ಣು, ಕಿವಿ, ನೆನಪನ್ನು ತಾವೇ ನಂಬದ ಹಾಗೆ ಮಾಡುವುದು ಒಂದು ರಾತ್ರಿಯ ಕೆಲಸವಲ್ಲ, ತಿಂಗಳುಗಟ್ಟಲೆ ನಡೆಯುತ್ತದೆ. ಹಾಗಾಗಿ ಗುರುತು ಹಿಡಿಯುವುದಕ್ಕೂ ತಿಂಗಳುಗಟ್ಟಲೆಯ ಮಾತನ್ನು ಒಂದು ಸಾಲಿನಲ್ಲಿ ಇಟ್ಟು ನೋಡಬೇಕು. ಅದನ್ನು ಮಾಡುವ ಬಗೆ ಇಲ್ಲಿದೆ. ಉದಾಹರಣೆಗೆ ತೆಗೆದುಕೊಂಡ ದಂಪತಿಯನ್ನು ವಿದ್ಯಾ, ಪ್ರಶಾಂತ್ ಎಂದು ಕರೆಯುತ್ತೇನೆ. ಎರಡು ಮೂರು ಮನೆಗಳ ಸಂಗತಿ ಕಲಸಿ, ಗುರುತು ಸಿಗದಂತೆ ಬದಲಿಸಿದ್ದೇನೆ. ಇಬ್ಬರೂ ಕುಂದಾಪುರ ಕಡೆಯವರು, ಮದುವೆಯಾಗಿ ನಾಲ್ಕು ವರ್ಷ, ಐರೋಳಿಯಲ್ಲಿ ಒಂದು ಬೆಡ್‌ರೂಮಿನ ಮನೆ. ವಿದ್ಯಾ ತಂದದ್ದು 214 ಸ್ಕ್ರೀನ್‌ಶಾಟ್.

ಶುರು ಮಾಡುವ ಮೊದಲು

ಫೋನಿನ ಸ್ಕ್ರೀನ್‌ಶಾಟ್‌ಗಳು ತಮ್ಮಷ್ಟಕ್ಕೆ ಗೂಗಲ್ ಫೋಟೋಸ್‌ಗೆ ಹೋಗುತ್ತಿರಬಹುದು. ಆ ಖಾತೆ ಮನೆಯ ಟ್ಯಾಬ್‌ನಲ್ಲೋ ಟಿವಿಯಲ್ಲೋ ತೆರೆದಿದ್ದರೆ ನೀವು ಜೋಡಿಸಿದ್ದೆಲ್ಲ ಅಲ್ಲೂ ಕಾಣುತ್ತದೆ. ವಾಟ್ಸಾಪ್‌ನಲ್ಲಿ Linked devices ತೆರೆದು ನಿಮಗೆ ಗೊತ್ತಿಲ್ಲದ ಕಂಪ್ಯೂಟರ್ ಇದೆಯಾ ನೋಡಿ. ಸಂಗಾತಿಗೆ ನಿಮ್ಮ ಫೋನಿನ ಪಿನ್ ಗೊತ್ತಿದ್ದರೆ ಈ ಕೆಲಸ ಆ ಫೋನಿನಲ್ಲಿ ಬೇಡ. ವಿದ್ಯಾ ಮುಲುಂಡ್‌ನಲ್ಲಿರುವ ಅಕ್ಕನ ಕಂಪ್ಯೂಟರಿನಲ್ಲಿ, ಶನಿವಾರ ಮಧ್ಯಾಹ್ನಗಳಲ್ಲಿ ಮಾಡಿದಳು. ಕೈ ಎತ್ತುವುದು, ಬಾಗಿಲು ಹಾಕಿ ಕೂಡಿಹಾಕುವುದು, ಫೋನ್ ಕಸಿದುಕೊಳ್ಳುವುದು ಇದ್ದರೆ ಜಾಡು ಹಿಡಿಯುತ್ತಾ ಕೂರಬೇಡಿ. ಮೊದಲು ಮಹಿಳಾ ಸಹಾಯವಾಣಿ 181ಕ್ಕೆ, ತುರ್ತಿದ್ದರೆ 112ಕ್ಕೆ ಫೋನ್ ಮಾಡಿ.

ತಾರೀಕು ಹಚ್ಚುವುದು

ಇದು ಬೇಸರದ ಕೆಲಸ, ಆದರೆ ಮುಕ್ಕಾಲು ಪಾಲು ಉತ್ತರ ಇಲ್ಲೇ ಇರುತ್ತದೆ. ಜಗಳದ ಸಿಟ್ಟಿನಲ್ಲಿ ತೆಗೆದ ಸ್ಕ್ರೀನ್‌ಶಾಟ್‌ನ ಮೇಲ್ಗಡೆ ಹೆಚ್ಚಾಗಿ Today ಅಥವಾ Yesterday ಎಂದಷ್ಟೇ ಇರುತ್ತದೆ. ಆರು ತಿಂಗಳ ಮೇಲೆ ಆ "ನಿನ್ನೆ" ಯಾವ ನಿನ್ನೆ? ಆಂಡ್ರಾಯ್ಡ್ ಫೋನುಗಳಲ್ಲಿ ಕಡತದ ಹೆಸರಲ್ಲೇ ತಾರೀಕು, ಗಂಟೆ ಇರುತ್ತದೆ:

```
Screenshot_20250812-231540
```

ಅಂದರೆ 2025ರ ಆಗಸ್ಟ್ 12, ರಾತ್ರಿ 11:15. ಒಂದು ಎಚ್ಚರ: ಇದು ಚಿತ್ರ ತೆಗೆದ ಹೊತ್ತು, ಮಾತು ಆಡಿದ ಹೊತ್ತಲ್ಲ. ಜೂನ್ ತಿಂಗಳ ಮೆಸೇಜನ್ನು ಆಗಸ್ಟ್‌ನಲ್ಲಿ ಮೇಲಕ್ಕೆ ಹೋಗಿ ಹುಡುಕಿ ತೆಗೆದಿದ್ದರೆ ಹೆಸರಿನಲ್ಲಿ ಆಗಸ್ಟ್ ಎಂದೇ ಇರುತ್ತದೆ. ಇನ್ನೊಂದು, ಸ್ಕ್ರೀನ್‌ಶಾಟನ್ನು ಗೆಳತಿಗೆ ವಾಟ್ಸಾಪ್‌ನಲ್ಲಿ ಕಳಿಸಿ, ಅವಳಿಂದ ವಾಪಸ್ ತರಿಸಿಕೊಂಡರೆ ಹೆಸರು IMG ಎಂದು ಶುರುವಾಗಿ ಕೊನೆಗೆ WA ಮತ್ತು ಒಂದು ಅಂಕಿಯ ಹಾಗೆ ಆಗಿ, ಮೂಲ ಹೊತ್ತು ಹೋಗಿಬಿಡುತ್ತದೆ. ಕಳಿಸಲೇಬೇಕಿದ್ದರೆ ಫೋಟೋ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಿ.

ಚಾಟ್ ಇನ್ನೂ ಫೋನಿನಲ್ಲಿದ್ದರೆ ಈ ಪರದಾಟವೇ ಬೇಡ. ಚಾಟ್ ತೆರೆದು, ಮೆನುವಿನಲ್ಲಿ Export chat, ಅದರಲ್ಲಿ Without media ಒತ್ತಿದರೆ ಇಡೀ ಸಂಭಾಷಣೆ ತಾರೀಕು, ಗಂಟೆ ಸಮೇತ ಒಂದು ಟೆಕ್ಸ್ಟ್ ಕಡತವಾಗಿ ಸಿಗುತ್ತದೆ. ಸ್ಕ್ರೀನ್‌ಶಾಟ್‌ಗಳಲ್ಲಿ ಸಿಗದ ಒಂದು ಸಂಗತಿ ಅದರಲ್ಲಿ ಸಿಗುತ್ತದೆ: ಸ್ಕ್ರೀನ್‌ಶಾಟ್ ತೆಗೆಯದೆ ಬಿಟ್ಟ ದಿನಗಳು. ಮುಂದೆ ಅದೇ ಮುಖ್ಯವಾಗುತ್ತದೆ.

ಅಳಿಸಿದ ಮತ್ತು ತಿದ್ದಿದ ಮೆಸೇಜುಗಳನ್ನೂ ಗುರುತು ಹಾಕಿ. ವಾಟ್ಸಾಪ್‌ನಲ್ಲಿ ಕಳಿಸಿದ 15 ನಿಮಿಷದೊಳಗೆ ಮಾತ್ರ ತಿದ್ದಲು ಬರುತ್ತದೆ, ಪಕ್ಕದಲ್ಲಿ Edited ಎಂದು ಬೀಳುತ್ತದೆ. ಎಲ್ಲರಿಗೂ ಕಾಣದಂತೆ ಅಳಿಸಲು ಎರಡು ದಿನದ ಮೇಲೆ ಸ್ವಲ್ಪ ಅವಕಾಶ ಇರುತ್ತದೆ. ಅಳಿಸಿದ್ದೇ ತಪ್ಪು ಎಂದು ಬರೆದುಕೊಳ್ಳಬೇಡಿ. ಸಿಟ್ಟಿನಲ್ಲಿ ಬೈದು, ನಾಚಿಕೆಯಾಗಿ ಅಳಿಸುವವರು ಬೇಕಾದಷ್ಟು ಜನ. ಅಳಿಸಿದ ಮೇಲೆ "ನಾನು ಹಾಗೆ ಬರೆದೇ ಇಲ್ಲ" ಎಂದಿದ್ದಾರಾ ಎಂಬುದನ್ನು ಮಾತ್ರ ನೋಡಿ.

ಒಂದು ಘಟನೆ, ಅದರ ಎಲ್ಲ ಮರುಹೇಳಿಕೆ

ಹೆಚ್ಚಿನವರು ಮಾಡುವ ತಪ್ಪೆಂದರೆ 214 ಚಿತ್ರಗಳನ್ನೂ ಒಂದೊಂದಾಗಿ ಓದಿ, ಪ್ರತಿಯೊಂದಕ್ಕೂ "ಗ್ಯಾಸ್‌ಲೈಟಿಂಗ್", "ಅಲ್ಲ" ಎಂದು ಚೀಟಿ ಅಂಟಿಸುವುದು. ಎರಡನೇ ದಿನಕ್ಕೆ ತಲೆ ಗಿರ್ ಎನ್ನುತ್ತದೆ, ಜೊತೆಗೆ ಪ್ರತಿ ಬೈಗುಳವೂ ಅದೇ ಆಗಿ ಕಾಣತೊಡಗುತ್ತದೆ. ಬೈಗುಳ ಬೈಗುಳವೇ, ಸುಳ್ಳು ಸುಳ್ಳೇ. ಎರಡೂ ಕೆಟ್ಟವು, ಆದರೆ ಎರಡೂ ಗ್ಯಾಸ್‌ಲೈಟಿಂಗ್ ಅಲ್ಲ.

ಅದರ ಬದಲು ಘಟನೆ ಹಿಡಿಯಿರಿ. ಮೂಲದಲ್ಲಿ ಏನು ಆಡಿದರು ಎಂಬುದಕ್ಕೆ ಬರಹದ ದಾಖಲೆ ಇರುವ, ಆಮೇಲೆ ಎರಡು ಬಾರಿಯಾದರೂ ಜಗಳದಲ್ಲಿ ಹೆಸರು ಬಂದಿರುವ ಘಟನೆಗಳನ್ನಷ್ಟೇ ಆರಿಸಿ. ವಿದ್ಯಾಳ ರಾಶಿಯಲ್ಲಿ ಒಂಬತ್ತು ಘಟನೆಗಳು ಮತ್ತೆ ಮತ್ತೆ ಬರುತ್ತಿದ್ದವು. ಅವಳಿಗೆ ಎಲ್ಲಕ್ಕಿಂತ ನೋವು ಕೊಟ್ಟದ್ದು ಅಮ್ಮನ ಕಣ್ಣಿನ ಆಪರೇಷನ್‌ಗೆ ಪ್ರಶಾಂತ್ ಒಪ್ಪಿಕೊಂಡು ಕೊಡದೇ ಹೋದ 40,000 ರೂಪಾಯಿಯದು. ಆದರೆ ಒಪ್ಪಿಕೊಂಡದ್ದು ಫೋನ್ ಮಾತಿನಲ್ಲಿ. ಬರಹವಿಲ್ಲ. ಅದನ್ನು ಬದಿಗಿಡಿಸಿದೆ. ಅವಳಿಗೆ ಬೇಸರವಾಯಿತು, ಆದರೂ ದಾಖಲೆ ಇಲ್ಲದ ಕಡೆ ನನ್ನ ಓದು ಬರೀ ಪಕ್ಷ ವಹಿಸಿದಂತೆ ಆಗುತ್ತದೆ. ಉಳಿದವುಗಳಲ್ಲಿ ಮೂರು ಆರಿಸಿದೆವು. ಮೂರಕ್ಕಿಂತ ಹೆಚ್ಚು ಬೇಕಾಗುವುದಿಲ್ಲ.

ಪ್ರತಿ ಘಟನೆಗೂ ಒಂದು ಹಾಳೆ, ಹಾಳೆಯಲ್ಲಿ ನಾಲ್ಕು ಕಾಲಂ. ಒಂದನೆಯದು ತಾರೀಕು, ಗಂಟೆ. ಎರಡನೆಯದು ಆ ಘಟನೆಯ ಬಗ್ಗೆ ಆಡಿದ ಮಾತು, ಅಕ್ಷರ ಬಿಡದೆ. ಮೂರನೆಯದು ಅದೇ ಹೊತ್ತಿನಲ್ಲಿ ಎದುರಿನವರ ತಲೆ, ನೆನಪು, ಸ್ವಭಾವದ ಬಗ್ಗೆ ಆಡಿದ ಮಾತು. ನಾಲ್ಕನೆಯದು ಆ ಮಾತುಕತೆ ಹೇಗೆ ಮುಗಿಯಿತು. ಇಬ್ಬರ ಮಾತನ್ನೂ ಬರೆಯಬೇಕು.

ಅಕ್ಷರ ಬಿಡದೆ ಎಂದದ್ದಕ್ಕೆ ಕಾರಣವಿದೆ. ನಮ್ಮವರು ಚಾಟ್ ಮಾಡುವುದು ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ, ನಡುನಡುವೆ ಹಿಂದಿ, ಮರಾಠಿ. `helidnalla` ಎಂದು ಬರೆದರೆ "ಹೇಳಿದ್ನಲ್ಲ" ಎಂದು ಒಪ್ಪಿಗೆ. `helilla` ಎಂದರೆ ನಿರಾಕರಣೆ. ಅವಸರದಲ್ಲಿ ಒಂದನ್ನು ಇನ್ನೊಂದಾಗಿ ಓದಿ ಮೂರು ತಿಂಗಳು ಜಗಳವಾಡಿದ ಒಂದು ಜೋಡಿಯನ್ನು ಕಂಡಿದ್ದೇನೆ. ನಿಮ್ಮ ಮನಸ್ಸಿನಲ್ಲಿ ಉಳಿದ ಅರ್ಥವನ್ನಲ್ಲ, ಪರದೆಯ ಮೇಲಿನ ಅಕ್ಷರವನ್ನೇ ಇಳಿಸಿಕೊಳ್ಳಿ.

ಚೌತಿ ಟಿಕೆಟ್ಟಿನ ಹಾಳೆ

2025ರ ಚೌತಿ ಆಗಸ್ಟ್ 27ಕ್ಕೆ ಇತ್ತು. ರೈಲಿನ ಮುಂಗಡ ಬುಕಿಂಗ್ ತೆರೆಯುವುದು 60 ದಿನ ಮೊದಲು. ಮುಂಬೈಯ ಕರಾವಳಿಯವರಿಗೆ ಚೌತಿ ಸಮಯದ ಮತ್ಸ್ಯಗಂಧ ಟಿಕೆಟ್ ಎಂದರೆ ಏನೆಂದು ಹೇಳಬೇಕಿಲ್ಲ, ಬೆಳಿಗ್ಗೆ ಎಂಟಕ್ಕೆ ಕೈಯಲ್ಲಿ ಫೋನ್ ಹಿಡಿದು ಕೂರಬೇಕು. ಜೂನ್ 25ರ ರಾತ್ರಿ ವಿದ್ಯಾ ಬರೆದಳು: "ಚೌತಿಗೆ ಊರಿಗೆ ಹೋಗುವನಾ? ನಾಳೆ ಬುಕಿಂಗ್ ತೆಗೀತದೆ." ಪ್ರಶಾಂತ್ ಉತ್ತರ: "ಸರಿ ಮಾಡು. ಇಬ್ಬರದ್ದೂ ಮಾಡು." ಇದು ಮೊದಲ ಸಾಲು. ಮೂರನೇ ಕಾಲಂ ಖಾಲಿ.

ಆಗಸ್ಟ್ 12, ರಾತ್ರಿ. ವಿದ್ಯಾ ಬ್ಯಾಗಿನ ಮಾತೆತ್ತಿದಳು. ಪ್ರಶಾಂತ್: "ಯಾವ ಟಿಕೆಟ್? ನಾನು ಬರ್ತೇನೆ ಅಂತ ಹೇಳಿಯೇ ಇಲ್ಲ." ಅವಳು ಜೂನ್‌ನ ಮೆಸೇಜಿನ ಸ್ಕ್ರೀನ್‌ಶಾಟ್ ಕಳಿಸಿದಳು.

ಇಲ್ಲಿ ನಿಲ್ಲಬೇಕು. ಇಡೀ ಹಾಳೆಯಲ್ಲಿ ಅತಿ ಮುಖ್ಯವಾದ ಸಾಲು ಇದರ ಮುಂದಿನದು. ಮರೆತವರಿಗೆ ದಾಖಲೆ ತೋರಿಸಿದರೆ "ಓ ಹೌದಲ್ಲ, ಮರೆತೇ ಹೋಗಿತ್ತು" ಎನ್ನುತ್ತಾರೆ. ಜಿಗುಟು ಸ್ವಭಾವದವರು "ಆವಾಗ ಹೇಳಿದ್ದೆ, ಈಗ ಆಗುವುದಿಲ್ಲ, ಏನೀಗ?" ಎಂದು ರೇಗುತ್ತಾರೆ. ಎರಡರಲ್ಲೂ ನಡೆದದ್ದು ನಡೆಯಿತು ಎಂಬ ನೆಲ ಅಲುಗುವುದಿಲ್ಲ. ಪ್ರಶಾಂತ್ ಬರೆದದ್ದು ಹೀಗೆ: "ಅದು ಸುಮ್ನೆ ತಮಾಷೆಗೆ ಹೇಳಿದ್ದು ಮಾರಾಯ್ತಿ, ಅಷ್ಟೂ ಗೊತ್ತಾಗಲ್ವಾ?" ನಾಲ್ಕು ನಿಮಿಷ ಬಿಟ್ಟು: "ಗಂಡನ ಮೆಸೇಜಿನ ಸ್ಕ್ರೀನ್‌ಶಾಟ್ ಇಟ್ಕೊಳ್ಳುವವಳು ನೀನು. ನಿನ್ನ ತಲೆ ಸರಿ ಇಲ್ಲ. ಯಾರಿಗಾದರೂ ತೋರಿಸು." ಆಮೇಲೆ: "ಅಮ್ಮನೂ ಇದನ್ನೇ ಹೇಳ್ತಿದ್ದಳು."

ಎರಡನೇ ಕಾಲಂನಲ್ಲಿ ಒಂದು ಸಾಲು, ಮೂರನೇ ಕಾಲಂನಲ್ಲಿ ಮೂರು ಸಾಲು. ಟಿಕೆಟ್ಟಿನ ಮಾತು ಮುಗಿದು ಅವಳ ತಲೆಯ ಮಾತು ಶುರುವಾಗಿದೆ. ದಾಖಲೆ ಮುಂದಿಟ್ಟ ಕೂಡಲೇ ಮಾತು ಎರಡರಿಂದ ಮೂರನೇ ಕಾಲಂಗೆ ಜಿಗಿಯಿತಾ, ಇದೇ ನೀವು ಹುಡುಕುತ್ತಿರುವ ಗುರುತು. ರಾತ್ರಿ 12:40ಕ್ಕೆ ವಿದ್ಯಾ: "ಸಾರಿ, ನಾನೇ ತಪ್ಪು ತಿಳ್ಕೊಂಡೆ ಅನ್ಸುತ್ತೆ. ಮಲಗಿ ನೀವು." ನಾಲ್ಕನೇ ಕಾಲಂ.

ಇಷ್ಟೇ ಆಗಿದ್ದರೆ ಒಂದು ಕೆಟ್ಟ ರಾತ್ರಿ ಎನ್ನುತ್ತಿದ್ದೆ. ಸೆಪ್ಟೆಂಬರ್ 9ರಂದು ಬೇರಾವುದೋ ಖರ್ಚಿನ ಜಗಳದ ನಡುವೆ ಪ್ರಶಾಂತ್ ಬರೆಯುತ್ತಾನೆ: "ಚೌತಿಗೂ ನನ್ನನ್ನು ಕೇಳದೆ ಟಿಕೆಟ್ ಮಾಡಿದೆ. ನೀನೇ ಒಪ್ಪಿಕೊಂಡಿದ್ದಿ." ಆಗಸ್ಟ್‌ನ ಆ "ಸಾರಿ" ಈಗ ಸಾಕ್ಷಿಯಾಗಿದೆ. ಜೂನ್‌ನ ದಾಖಲೆ ಇಬ್ಬರ ನೆನಪಿನಿಂದಲೂ ಜಾರಿ, ಅವಳ ಕ್ಷಮೆಯೇ ಹೊಸ ದಾಖಲೆ. ಇದಕ್ಕೆ ವಿದ್ಯಾ ಏನು ಉತ್ತರ ಬರೆದಳು ಗೊತ್ತೇ? "ಹೌದು, ಅದು ನನ್ನ ತಪ್ಪೇ." ಕೇಳಿದರೆ, ಬರೆಯುವಾಗ ನಿಜಕ್ಕೂ ಹಾಗೇ ಅನ್ನಿಸಿತ್ತು ಎಂದಳು. ಜೂನ್ 25ರ ಮೆಸೇಜು ಅವಳದೇ ಫೋನಿನಲ್ಲಿತ್ತು.

ಹಾಗಾಗಿ ನಾನು ಹಾಳೆಯನ್ನು ಕೆಳಗಿನಿಂದ ಮೇಲಕ್ಕೆ ಓದುತ್ತೇನೆ. "ಸಾರಿ"ಗಳಿಗೆಲ್ಲ ಗುರುತು ಹಾಕಿ, ಪ್ರತಿಯೊಂದು ಸಾರಿ ಆಮೇಲೆ ಎಲ್ಲಿ ಮತ್ತೆ ಹಾಜರಾಯಿತು ಎಂದು ಹುಡುಕುತ್ತೇನೆ. ಇನ್ನೊಂದು ಹಾಳೆ ವಾಶಿಯ ಹೋಟೆಲೊಂದರಲ್ಲಿ ಗೆಳೆಯರ ಎದುರು ಅವನು ಕೂಗಾಡಿದ್ದರ ಬಗ್ಗೆ. ಮಾರನೇ ದಿನ ಅವನದೇ ಮೆಸೇಜು: "ನಿನ್ನೆ ಸ್ವಲ್ಪ ಜೋರಾಯ್ತು, ಬಿಡು." ಮೂರು ವಾರದ ಮೇಲೆ: "ನಾನು ಸ್ವರ ಏರಿಸಿಯೇ ಇಲ್ಲ, ನೀನು ಅತ್ತು ಸೀನ್ ಮಾಡಿದ್ದು." ಅಲ್ಲೂ ಅದೇ ಜಿಗಿತ, ಅದೇ ಸಾರಿ, ಮುಂದಿನ ತಿಂಗಳು ಅದೇ ಸಾರಿ ಸಾಕ್ಷಿಯಾಗಿ. ಮೂರನೇ ಹಾಳೆಯಲ್ಲಿ ಈ ಜಾಡು ಸಿಗಲಿಲ್ಲ; ಅತ್ತೆ ಮನೆಗೆ ಹೋಗುವ ದಿನದ ಬಗ್ಗೆ ಇಬ್ಬರೂ ಬೇರೆ ಬೇರೆ ಅರ್ಥ ಮಾಡಿಕೊಂಡಿದ್ದರು, ಅಷ್ಟೇ. ಅದನ್ನೂ ಹಾಗೆಯೇ ಬರೆದಿಟ್ಟೆವು.

ಸಣ್ಣದೊಂದು "ಏ"

ಕನ್ನಡದಲ್ಲಿ ಓದುವವರಿಗೆ ಒಂದು ಸವಲತ್ತಿದೆ. "ಹೇಳಿದ್ದು ನೆನಪಿಲ್ಲ" ಎಂಬುದು ತನ್ನ ನೆನಪಿನ ಬಗ್ಗೆ ಆಡಿದ ಮಾತು. "ಹೇಳಿಯೇ ಇಲ್ಲ" ಎಂಬುದು ಲೋಕದ ಬಗ್ಗೆ ಆಡಿದ ಮಾತು. ನಡುವೆ ಸೇರಿದ ಆ "ಏ" ಸಂಶಯಕ್ಕೆ ಜಾಗ ಬಿಡುವುದಿಲ್ಲ. ನಿಜಕ್ಕೂ ಮರೆತವರು, ನಿದ್ದೆಗೆಟ್ಟವರು, ಕುಡಿದಿದ್ದವರು, ಹೆರಿಗೆಯ ನಂತರದ ತಿಂಗಳುಗಳಲ್ಲಿ ಇರುವವರು ಒಮ್ಮೊಮ್ಮೆ "ಹೇಳಿಯೇ ಇಲ್ಲ" ಎನ್ನಬಹುದು, ಆದರೆ ದಾಖಲೆ ಕಂಡಾಗ "ನೆನಪಿಲ್ಲ"ಕ್ಕೆ ಇಳಿಯುತ್ತಾರೆ. ಪ್ರಶಾಂತ್ ಎರಡು ಹಾಳೆಗಳಲ್ಲಿ ಒಮ್ಮೆಯೂ "ನೆನಪಿಲ್ಲ" ಎಂದಿರಲಿಲ್ಲ. ಇನ್ನೊಂದು ಕಡೆ ವಿದ್ಯಾಳ ಸಾಲುಗಳಲ್ಲಿ "ಅನ್ಸುತ್ತೆ", "ಇರಬಹುದು", "ನನಗೇ ಗೊತ್ತಾಗ್ತಿಲ್ಲ" ತಿಂಗಳಿಂದ ತಿಂಗಳಿಗೆ ಏರುತ್ತಾ ಹೋದವು. ಆ ವರ್ಷದ ಶುರುವಿನ, ಜನವರಿಯ ಅವಳ ಮೆಸೇಜಿನಲ್ಲಿ ಅವು ಹುಡುಕಿದರೂ ಸಿಗವು.

ಎದುರು ಪಕ್ಷದಿಂದ ಓದುವುದು

ಸ್ಕ್ರೀನ್‌ಶಾಟ್ ತೆಗೆಯುವವರು ನೋವುಂಡವರು. ತಮಗೆ ಚುಚ್ಚಿದ್ದನ್ನೇ ತೆಗೆಯುತ್ತಾರೆ, ತಾವು ಚುಚ್ಚಿದ್ದನ್ನು ತೆಗೆಯುವುದಿಲ್ಲ. ಇದು ಮೋಸವಲ್ಲ, ಮನುಷ್ಯ ಸ್ವಭಾವ. ಆದರೆ ಓದುವವರು ಲೆಕ್ಕಕ್ಕೆ ಹಿಡಿಯಬೇಕು.

ಇದನ್ನು ನಾನು ಕಲಿತದ್ದು ಒಂದು ತಪ್ಪಿನಿಂದ. ಪಿಂಪ್ರಿಯಿಂದ ಬಂದಿದ್ದ ಹುಬ್ಬಳ್ಳಿ ಕಡೆಯ ಯುವಕನೊಬ್ಬ ಏಳು ಸ್ಕ್ರೀನ್‌ಶಾಟ್ ತೋರಿಸಿದ. ಹೆಂಡತಿ ಒಂದು ದಿನ ಒಂದು ಹೇಳುತ್ತಾಳೆ, ಮಾರನೇ ದಿನ ತದ್ವಿರುದ್ಧ, ಕೇಳಿದರೆ "ನಿಮಗ ನೆನಪಿಲ್ಲೇನ್ರೀ?" ಅಂತಾಳೆ. ನನಗೆ ಆಗ ಉಮೇದು ಜಾಸ್ತಿ. "ಹೌದು, ಇದು ಅದೇ" ಎಂದುಬಿಟ್ಟೆ. ಎರಡು ವಾರದ ಮೇಲೆ ಅವನು ಇಡೀ ಚಾಟ್ ತೆಗೆದುಕೊಂಡು ಬಂದ. ಪ್ರತಿ ಎರಡು ಸ್ಕ್ರೀನ್‌ಶಾಟ್‌ಗಳ ನಡುವೆಯೂ ಒಂದೊಂದು ಕರೆ ಇತ್ತು, ಅರ್ಧ ಗಂಟೆ, ಮುಕ್ಕಾಲು ಗಂಟೆಯದು. ನೈಟ್ ಶಿಫ್ಟಿನ ಕೊನೆಗೆ, ಕಣ್ಣು ಮುಚ್ಚಿಕೊಂಡು ಹೋಗುತ್ತಿರುವಾಗ ಫೋನಿನಲ್ಲಿ ಅವನೇ ನಿರ್ಧಾರ ಬದಲಿಸಿದ್ದ. ಅವಳು "ನೆನಪಿಲ್ಲೇನ್ರೀ" ಎಂದದ್ದು ಸರಿಯಾಗಿಯೇ ಇತ್ತು. ನನ್ನ ಮಾತು ಕೇಳಿ ಅವನು ಮನೆಯಲ್ಲಿ ಆ ಪದ ಬಳಸಿ ಆಗಿತ್ತು. ಆ ಗಾಯ ಮಾಯಲು ಬಹಳ ದಿನ ಹಿಡಿಯಿತು.

ಅಂದಿನಿಂದ ಮೂರು ಕೆಲಸ ಮಾಡದೆ ಹಾಳೆ ಮುಚ್ಚುವುದಿಲ್ಲ. ಚಾಟ್ ನಡುವಿನ ಕರೆಗಳನ್ನೂ, ಇಬ್ಬರೂ ಎದುರಾಬದುರು ಇದ್ದ ಹೊತ್ತನ್ನೂ ಸಾಲಾಗಿ ಸೇರಿಸಿ "ಇಲ್ಲಿ ಏನಾಯಿತೆಂದು ತಿಳಿಯದು" ಎಂದು ಬರೆಯುತ್ತೇನೆ. ಆಮೇಲೆ ಹೆಸರುಗಳನ್ನು ಅದಲು ಬದಲು ಮಾಡಿ ಓದುತ್ತೇನೆ: ಈ ಸಾಲು ವಿದ್ಯಾ ಬರೆದಿದ್ದರೂ ನನಗೆ ಹೀಗೇ ಅನ್ನಿಸುತ್ತಿತ್ತೇ? ಕೊನೆಗೆ ಎದುರಿನವರು ತಪ್ಪು ಒಪ್ಪಿಕೊಂಡ ಸಾಲುಗಳನ್ನು ಬೇಕೆಂದೇ ಹುಡುಕುತ್ತೇನೆ. ಪ್ರಶಾಂತ್ ಒಪ್ಪಿಕೊಂಡದ್ದೂ ಇತ್ತು, ಗ್ಯಾಸ್ ಬಿಲ್ ಕಟ್ಟಲು ಮರೆತದ್ದು, ಹಾಲು ತರದಿದ್ದದ್ದು. ಅಂಥ ಕಡೆ "ಸಾರಿ, ಮರೆತೆ" ಎಂದು ಸಲೀಸಾಗಿ ಬರೆದಿದ್ದ. ಅಂದರೆ ಒಪ್ಪಿಕೊಳ್ಳುವುದು ಅವನಿಗೆ ಬಾರದ ವಿದ್ಯೆಯಲ್ಲ. ಅವಳ ತವರಿನ ಸಂಗತಿ ಮತ್ತು ನಾಲ್ಕು ಜನರ ಎದುರಿನ ಮಾನದ ಸಂಗತಿ ಬಂದಾಗ ಮಾತ್ರ ಮಾತು ಅವಳ ತಲೆಗೆ ಜಿಗಿಯುತ್ತಿತ್ತು. ಒಪ್ಪಿಗೆಯ ಸಾಲುಗಳನ್ನು ಹುಡುಕದೇ ಹೋಗಿದ್ದರೆ ಇದು ಕಾಣುತ್ತಿರಲಿಲ್ಲ.

ಹಾಳೆ ಏನನ್ನು ಹೇಳುವುದಿಲ್ಲ

ಬೇಕೆಂದೇ ಮಾಡುತ್ತಿದ್ದಾನಾ ಎಂದು ವಿದ್ಯಾ ಹತ್ತಾರು ಬಾರಿ ಕೇಳಿದಳು. ಚಾಟ್ ಓದಿ ಅದನ್ನು ಹೇಳಲು ಬರುವುದಿಲ್ಲ. ತನ್ನ ಸುಳ್ಳನ್ನು ತಾನೇ ನಂಬಿಕೊಂಡವರೂ ಇದ್ದಾರೆ. ಜಾಡು ಇದೆಯೇ, ಅದು ಅವಳನ್ನು ಏನು ಮಾಡುತ್ತಿದೆ ಎಂಬುದಷ್ಟೇ ಹಾಳೆಯಿಂದ ಸಿಗುವ ಉತ್ತರ. ಯಾರಿಗಾದರೂ ಮಾನಸಿಕ ಕಾಯಿಲೆಯ ಹೆಸರು ಹಚ್ಚುವುದಕ್ಕೂ ಇದು ಆಧಾರವಲ್ಲ.

ಹಾಳೆಯನ್ನು ಸಂಗಾತಿಗೆ ತೋರಿಸಿ ಒಪ್ಪಿಸುವ ಆಸೆ ಎಲ್ಲರಿಗೂ ಬರುತ್ತದೆ. ಒಂದು ಸ್ಕ್ರೀನ್‌ಶಾಟ್ ತೋರಿಸಿದ್ದಕ್ಕೆ "ತಲೆ ಸರಿ ಇಲ್ಲ" ಎಂದವರು ಮೂರು ಹಾಳೆ ಕಂಡರೆ ಏನು ಹೇಳಿಯಾರು ಎಂದು ಯೋಚಿಸಿ. ಅದು ನಿಮ್ಮ ನೆನಪಿನ ಊರುಗೋಲು, ನೀವು ನಂಬುವ ಮೂರನೆಯವರಿಗೆ ತೋರಿಸಲು. ಮಾತಾಡಲು ಯಾರೂ ಇಲ್ಲದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಇದೆ, ಹಣ ಕೊಡಬೇಕಿಲ್ಲ, ಭಾಷೆ ಆರಿಸಿಕೊಳ್ಳಬಹುದು.

ಕಾನೂನಿನ ಕಡೆಗೆ ಹೋಗುವವರಿಗೆ ಎರಡು ಮಾತು. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ 3ನೇ ಕಲಂ ಮಾತಿನ ಮತ್ತು ಭಾವನಾತ್ಮಕ ಹಿಂಸೆಯನ್ನೂ ದೌರ್ಜನ್ಯವೆಂದೇ ಹೇಳುತ್ತದೆ. ಅದರಡಿ ದೂರು ಕೊಡಲು ಬರುವುದು ಮಹಿಳೆಯರಿಗೆ, ಮದುವೆಯಾಗದೆ ಸಂಸಾರದಂತೆ ಜೊತೆಗಿರುವವರಿಗೂ ಸೇರಿ. ಕೋರ್ಟಿನಲ್ಲಿ ಬರೀ ಸ್ಕ್ರೀನ್‌ಶಾಟ್‌ನ ಪ್ರಿಂಟ್ ಸಾಲದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಅದರ ಜೊತೆ ಪ್ರಮಾಣಪತ್ರ ಬೇಕು. ಹಾಗಾಗಿ ಫೋನನ್ನು ಎಕ್ಸ್‌ಚೇಂಜ್‌ಗೆ ಕೊಡಬೇಡಿ, ಚಾಟ್ ಅಳಿಸಬೇಡಿ, ಸ್ಕ್ರೀನ್‌ಶಾಟ್‌ನ ಮೇಲೆ ಕೆಂಪು ಗೀರು ಎಳೆಯಬೇಡಿ. ಗೀರು ಬೇಕಿದ್ದರೆ ನಕಲಿನ ಮೇಲೆ. ಉಳಿದದ್ದು ವಕೀಲರ ಕೆಲಸ.

ವಿದ್ಯಾಳ 214 ಚಿತ್ರಗಳು ಕೊನೆಗೆ ಮೂರು ಹಾಳೆಯಾದವು. ಅವಳು ಮೊದಲು ತೋರಿಸಿದ್ದು ಮುಲುಂಡ್‌ನ ಅಕ್ಕನಿಗೆ. ಅಕ್ಕ ಅಡುಗೆಮನೆಯಲ್ಲಿ ನಿಂತಲ್ಲೇ ಓದಿ, ನಾಲ್ಕನೇ ಕಾಲಂ ಮೇಲೆ ಬೆರಳಿಟ್ಟು ಕೇಳಿದಳಂತೆ: "ಈ ಸಾರಿ ಎಲ್ಲ ನೀನೇ ಬರೆದದ್ದಾ ಮಾರಾಯ್ತಿ?" ಹೌದು ಎನ್ನುವ ಮೊದಲು ವಿದ್ಯಾ ಒಮ್ಮೆ ಫೋನ್ ತೆಗೆದು ನೋಡಿದಳು.